ಹಳೇ ಫೋನ್ ರೀಸೆಟ್ ಮಾಡೀನಿ, ಇ-ಸಿಮ್ ಹೋಯ್ತು. ಇಮೇಲ್‌ದಾಗಿನ ಹಳೇ ಕ್ಯೂಆರ್ ಹೊಸ ಫೋನಿನಾಗ ಯಾಕ ನಡೀವಲ್ದು?

ಗಂಜ್ ರಸ್ತೆ ಹುಡುಗ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಅರ್ಜೆಂಟ್ ಅದ, ಗೊತ್ತಿದ್ದವರು ದಯವಿಟ್ಟು ಹೇಳ್ರಿ.

ನಮ್ಮ ಅಪ್ಪಾಜಿ ಗಂಜಿನಾಗ ತೊಗರಿ ಅಡತಿ ಮಾಡ್ತಾರ. ಅವರ ನಂಬರ್ ಹದಿನೆಂಟು ವರ್ಷದಿಂದ ಒಂದೇ. ರೈತರು, ಲಾರಿಯವರು, ಬ್ಯಾಂಕು, ಎಲ್ಲಾ ಅದೇ ನಂಬರಿಗೆ. ಹೋದ ವರ್ಷ ಕಾರ್ಡ್ ಸವೆದು ಪದೇ ಪದೇ ನೆಟ್‌ವರ್ಕ್ ಬಿಡ್ತಿತ್ತು ಅಂತ ನಾನೇ ಅದನ್ನ ಇ-ಸಿಮ್ ಮಾಡಿಸಿದ್ದೆ. ಈಗ ಹೊಸ ಫೋನ್ ತಂದೀವಿ. ನಿನ್ನೆ ರಾತ್ರಿ ಫೋಟೊ, ವಾಟ್ಸಾಪ್ ಎಲ್ಲಾ ಬ್ಯಾಕಪ್ ತಗೊಂಡೆ. ಹಳೇ ಫೋನ್ ಅಕ್ಕಗ ಕೊಡೋದಿತ್ತು, ಅದಕ್ಕ ರೀಸೆಟ್ ಮಾಡಿದೆ. ಇ-ಸಿಮ್ ಸೈತ ಅಳಿಸಬೇಕೇನು ಅಂತ ಕೇಳ್ತು, ಪೂರಾ ಸ್ವಚ್ಛ ಆಗ್ಲಿ ಅಂತ ಟಿಕ್ ಹಾಕಿದೆ.

ಆಮ್ಯಾಲ ಇಮೇಲ್ ತೆಗೆದು ಹೋದ ವರ್ಷದ ಕ್ಯೂಆರ್ ಹೊಸ ಫೋನಿನಾಗ ಸ್ಕ್ಯಾನ್ ಮಾಡಿದ್ರ, ಈ ಕೋಡ್ ಇನ್ಮ್ಯಾಲ ನಡ್ಯಂಗಿಲ್ಲ ಅಂತ ಬರ್ಲಾಕತ್ತದ. ನಾಕು ಸಲ ಮಾಡೀನಿ. ಮುಂಜಾನಿಂದ ಅಪ್ಪಾಜಿ ನಂಬರಿಗೆ ಹಚ್ಚಿದ್ರ ಸ್ವಿಚ್ ಆಫ್ ಅಂತದ. ಮಾಲಿನ ದುಡ್ಡು ಹಾಕ್ಲಾಕ ಒಟಿಪಿ ಬರಬೇಕು. ನಂಬರೇ ಕಳದೆನೇನು ನಾನು?

ಹುಮನಾಬಾದ್ ಅಣ್ಣಾ

ಗಾಬರಿ ಆಗಬ್ಯಾಡ ತಮ್ಮಾ. ಕ್ಯೂಆರ್ ನಿನ್ನ ಹಂತ್ಯಾಕ ಅದ ಅಂದ್ರ ಸಿಮ್ ನಿನ್ನ ಹಂತ್ಯಾಕೇ ಅದ. ಸ್ಕ್ಯಾನ್ ಸರಿ ಆಗಿರಂಗಿಲ್ಲ. ದೊಡ್ಡ ಸ್ಕ್ರೀನ್ ಮ್ಯಾಲ ತೆಗೆದು ಸ್ಕ್ಯಾನ್ ಮಾಡು, ವೈಫೈ ಚಲೋ ಇರ್ಲಿ. ಇಲ್ಲಂದ್ರ ಬ್ಯಾಕಪ್ ತಿರಗಿ ಹಾಕಿ ನೋಡು, ಬ್ಯಾಕಪ್‌ದಾಗ ಇ-ಸಿಮ್ ಬಂದಿರ್ತದ. ನಂದು ಹಂಗೇ ಬಂದಿತ್ತು.

ಮೈಲೂರು ರಿಪೇರಿ (ಬೀದರ)

ಅಣ್ಣಾ, ತಪ್ಪು ತಿಳಕೋಬ್ಯಾಡ್ರಿ. ಬ್ಯಾಕಪ್‌ದಾಗ ಇ-ಸಿಮ್ ಬರಂಗಿಲ್ಲ. ಫೋಟೊ ಬರ್ತದ, ಕಾಂಟ್ಯಾಕ್ಟ್ ಬರ್ತದ, ಸಿಮ್ ಬರಂಗಿಲ್ಲ. ನಿಮ್ದು ಬಂದಿದ್ದು ಫೋನ್‌ದಿಂದ ಫೋನಿಗೆ ಟ್ರಾನ್ಸ್‌ಫರ್ ಆಗಿರ್ಬೇಕು. ಆಗ ಎರಡೂ ಫೋನ್ ಬಾಜೂಕ್ಕ ಬಾಜೂ ಇಟ್ಟಿದ್ರಿ ಹೌದಿಲ್ಲೊ?

ತಮ್ಮಾ, ಸ್ಕ್ಯಾನ್ ಮಾಡೋದು ಬಿಡು, ನೂರು ಸಲ ಮಾಡಿದ್ರೂ ಅದೇ ಬರ್ತದ. ಕಂಪನಿ ಅಂಗಡಿಗೇ ಹೋಗ್ಬೇಕು. ವಾರಕ್ಕ ಇಬ್ಬರು ಮೂವರು ಇದೇ ತ್ರಾಸ ತಗೊಂಡು ನನ್ನ ಅಂಗಡಿಗಿ ಬರ್ತಾರ.

ಹುಮನಾಬಾದ್ ಅಣ್ಣಾ

ಹೌದ್ರಿ, ಎರಡೂ ಫೋನ್ ಬಾಜೂಕ್ಕೇ ಇದ್ವು. ಸೆಟಪ್ ಮಾಡುವಾಗ ಸಿಮ್ ಸೈತ ತರಬೇಕೇನು ಅಂತ ಕೇಳ್ತು, ಹೂಂ ಅಂದೆ. ನಾ ಅದನ್ನ ಬ್ಯಾಕಪ್ ಅಂತ ತಿಳಕೊಂಡಿದ್ದೆ.

ಬಸವಕಲ್ಯಾಣದವ (ಈಗ ಬೆಂಗಳೂರು)

ನಾನು ಟೆಲಿಕಾಂ ನೆಟ್‌ವರ್ಕ್ ಕಡೆ ಕೆಲಸ ಮಾಡ್ತೀನಿ. ಮೊದಲು ಸಮಾಧಾನದ ಮಾತು: ನಂಬರ್ ಕಳೆದಿಲ್ಲ. ನಂಬರ್ ಯಾವತ್ತೂ ಫೋನಿನಲ್ಲಿ ಇರೋದೇ ಇಲ್ಲ, ಕಾರ್ಡಿನಲ್ಲೂ ಇರೋದಿಲ್ಲ. "ಈ ನಂಬರಿಗೆ ಈ ಸಿಮ್" ಅಂತ ಕಂಪನಿಯ ದಾಖಲೆಯಲ್ಲಿ ಬರೆದಿರುತ್ತೆ. ನೀವು ಅಳಿಸಿದ್ದು ಸಿಮ್ಮನ್ನು ಮಾತ್ರ. ಕಾರ್ಡ್ ಮುರಿದು ಬಿಸಾಕಿದರೆ ಏನಾಗುತ್ತೋ ಅದೇ ಆಗಿದೆ. ರೀಚಾರ್ಜ್, ಪ್ಲಾನ್ ಎಲ್ಲ ಹಾಗೇ ಇರುತ್ತೆ.

ಇನ್ನು ಕ್ಯೂಆರ್ ವಿಷಯ. ಅದರಲ್ಲಿ ಸಿಮ್ ಇಲ್ಲ. ಸ್ಕ್ಯಾನ್ ಮಾಡಿದಾಗ ಫೋನಿಗೆ ಸಿಗೋದು ಇಂಥ ಒಂದೇ ಸಾಲು:

```
LPA:1$smdp.example.com$ABCD-1234-EFGH
```

ನಡುವಿನದು ಸರ್ವರ್ ವಿಳಾಸ, ಕೊನೆಯದು ಗುರುತಿನ ಕೋಡ್. ನಿಮ್ಮ ಗಂಜಿನ ಲೆಕ್ಕದಲ್ಲೇ ಹೇಳ್ತೀನಿ. ಇದು ಗೋದಾಮಿನ ಚೀಟಿ. ಚೀಟಿಯಲ್ಲಿ ತೊಗರಿ ಇಲ್ಲ. ಯಾವ ಗೋದಾಮು, ಯಾವ ಲಾಟ್ ಅಂತ ಮಾತ್ರ ಇದೆ. ಹೋದ ವರ್ಷ ನಿಮ್ಮ ಹಳೇ ಫೋನ್ ಚೀಟಿ ತೋರಿಸಿ ಮಾಲು ಎತ್ತಿಕೊಂಡು ಬಂತು, ಗೋದಾಮಿನವರು ಆ ಚೀಟಿ ರದ್ದು ಮಾಡಿದರು. ಈಗ ಹೊಸ ಫೋನ್ ಅದೇ ಚೀಟಿ ಹಿಡಿದು ನಿಂತಿದೆ.

ಮಾಲು ಅಂದರೆ ಪ್ರೊಫೈಲ್. ಪ್ಲಾಸ್ಟಿಕ್ ಕಾರ್ಡಿನ ಚಿಪ್ಪಿನಲ್ಲಿ ಇರೋದೇ ಅದರಲ್ಲೂ ಇರುತ್ತೆ: ನೆಟ್‌ವರ್ಕಿಗೆ ನಿಮ್ಮನ್ನು ಗುರುತಿಸುವ ಸಂಖ್ಯೆ, ಮತ್ತು ಹೊರಗೆ ಯಾರಿಗೂ ಕಾಣದ ಒಂದು ಗುಪ್ತ ಕೀಲಿ. ಅಲ್ಲಿವರೆಗೆ ಎರಡೂ ಒಂದೇ. ಬೇರೆ ಆಗೋದು ಸಾಗಿಸುವ ರೀತಿಯಲ್ಲಿ. ಕಾರ್ಡಾದರೆ ಕೀಲಿ ಇರುವ ಚಿಪ್ಪೇ ನಿಮ್ಮ ಬೆರಳ ತುದಿಯಲ್ಲಿ ಬರುತ್ತೆ, ಯಾವ ಫೋನಿಗೆ ಬೇಕಾದರೂ ಹಾಕಿ. ಇ-ಸಿಮ್ಮಿನ ಚಿಪ್ ಫೋನಿನ ಬೋರ್ಡಿಗೆ ಬೆಸುಗೆ ಆಗಿರುತ್ತೆ. ಪ್ರತಿ ಚಿಪ್ಪಿಗೂ EID ಅಂತ 32 ಅಂಕಿಯ ಗುರುತು ಇದೆ. ಸರ್ವರ್ ಪ್ರೊಫೈಲ್ ಕಳಿಸುವಾಗ ಆ ಒಂದು ಚಿಪ್ ಮಾತ್ರ ಬಿಚ್ಚೋಕೆ ಆಗುವಂತೆ ಬೀಗ ಹಾಕಿ ಕಳಿಸುತ್ತೆ. ಒಳಗೆ ಹೋದ ಮೇಲೆ ಅಳಿಸಬಹುದು, ಆಫ್ ಮಾಡಬಹುದು, ಹೊರಗೆ ತೆಗೆಯೋಕೆ ಮಾತ್ರ ಆಗಲ್ಲ. ನಕಲು ಆಗೋ ಹಾಗಿದ್ದರೆ ಒಂದೇ ನಂಬರಿನ ಸಿಮ್ ಇಬ್ಬರ ಕೈಯಲ್ಲಿ ಓಡಾಡುತ್ತಿತ್ತು. ಅದಕ್ಕೇ ಬ್ಯಾಕಪ್‌ನಲ್ಲಿ ಬರಲ್ಲ.

ಗಂಜ್ ರಸ್ತೆ ಹುಡುಗ

ಸರ್, ಚೀಟಿ ಮಾತು ಅಪ್ಪಾಜಿಗಿ ಓದಿ ಹೇಳ್ದೆ, ಒಮ್ಮೆಲೇ ತಿಳೀತು ಅವರಿಗೆ. ಹೊಸ ಚೀಟಿ ತರೋದು ಹ್ಯಾಂಗ? ಮೆಸೇಜ್ ಮಾಡಿದ್ರ ಕ್ಯೂಆರ್ ಬರ್ತದ ಅಂತ ಗೆಳ್ಯಾ ಅಂದ.

ಬಸವಕಲ್ಯಾಣದವ

ಮೆಸೇಜಿನ ದಾರಿ ಇದೆ, ಆದರೆ ಅದನ್ನು ಅದೇ ನಂಬರಿನಿಂದ ಕಳಿಸಬೇಕು. ಜಿಯೋದಲ್ಲಿ GETESIM ಬರೆದು ಹೊಸ ಫೋನಿನ EID, IMEI ಸೇರಿಸಿ 199ಕ್ಕೆ, ಏರ್‌ಟೆಲ್‌ನಲ್ಲಿ eSIM ಬರೆದು ನೋಂದಾಯಿಸಿದ ಇಮೇಲ್ ಸೇರಿಸಿ 121ಕ್ಕೆ ಕಳಿಸೋದು. ಎರಡಕ್ಕೂ ನಂಬರ್ ಚಾಲ್ತಿಯಲ್ಲಿ ಇರಬೇಕು. ನಿಮ್ಮದು ಅಳಿಸಿ ಹೋಗಿರೋದರಿಂದ ಆ ಬಾಗಿಲು ಮುಚ್ಚಿದೆ. ರೀಸೆಟ್ ಮಾಡುವ ಮೊದಲು ಕಳಿಸಿದ್ದರೆ ಮನೆಯಲ್ಲೇ ಕೂತು ಮುಗಿಯುತ್ತಿತ್ತು.

ಈಗ ಉಳಿದಿದ್ದು ಕಂಪನಿಯ ಅಂಗಡಿ. ನಂಬರ್ ಯಾರ ಹೆಸರಿನಲ್ಲಿದೆಯೋ ಅವರೇ ಅಸಲಿ ಆಧಾರ್ ಹಿಡಿದು ಹೋಗಬೇಕು. ಹೊಸ ಫೋನಿನಲ್ಲಿ *#06# ಒತ್ತಿ. EID, IMEI ಎರಡೂ ಕಾಣುತ್ತೆ. ಅದರ ಫೋಟೊ ಬೇರೆ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ, 32 ಅಂಕಿ ಬಾಯಲ್ಲಿ ಹೇಳಿದರೆ ಒಂದಾದರೂ ತಪ್ಪುತ್ತೆ. ಅಂಗಡಿಯವರ ದಾಖಲೆಯಲ್ಲಿ ಯಾವ ಇಮೇಲ್ ಇದೆ ಅಂತ ಅಲ್ಲೇ ಕೇಳಿ. ಹಳೇ ಇಮೇಲಿಗೆ ಕ್ಯೂಆರ್ ಹೋಗಿ, ಅದರ ಪಾಸ್‌ವರ್ಡ್ ಮರೆತು ಕೂತವರನ್ನು ಬಹಳ ನೋಡಿದ್ದೀನಿ.

ಗಂಜ್ ರಸ್ತೆ ಹುಡುಗ

ಇಲ್ಲೇ ಸಿಗಬಿದ್ದೆ ಸರ್. ನಂಬರ್ ಅಪ್ಪಾಜಿ ಹೆಸರಲ್ಲಿ ಇಲ್ಲ, ದೊಡ್ಡಪ್ಪಾರ ಹೆಸರಲ್ಲಿ ಅದ. ಅವಾಗ ಅವರೇ ತಗೊಂಡು ಕೊಟ್ಟಿದ್ರು. ಅವರು ಚಿಂಚೋಳಿದಾಗ ಇರ್ತಾರ. ಫೋನ್ ಹಚ್ಚೀನಿ, ನಾಳೆ ಮುಂಜಾನಿ ಬಸ್ಸಿಗಿ ಬರ್ತೀನಿ ಅಂದಾರ. ಎಪ್ಪತ್ತು ದಾಟ್ಯಾರ, ಮೊಣಕಾಲು ಬ್ಯಾನಿ. ನನ್ನ ಒಂದು ಟಿಕ್ಕಿನ ಸಲುವಾಗಿ ಅವರು ಇಷ್ಟು ದೂರ ಬರಬೇಕಾಗ್ಯದ, ಭಾಳ ಸಂಕಟ ಆಗ್ಲಾಕತ್ತದ.

ಶಹಾಪುರ ಟೀಚರ್ (ಯಾದಗಿರಿ)

ನನ್ನದೊಂದು ಪ್ರಶ್ನೆ. ನಮ್ಮ ತಾಯಿಯವರ ಬಟನ್ ಫೋನಿಗೆ ಇ-ಸಿಮ್ ಹಾಕಿಸಿದರೆ ನೆಟ್‌ವರ್ಕ್ ಚೆನ್ನಾಗಿ ಬರುತ್ತದೆಯೇ? ಹಳ್ಳಿ ಮನೆಯಲ್ಲಿ ಅಂಗಳಕ್ಕೆ ಬಂದರೆ ಮಾತ್ರ ಮಾತು ಕೇಳಿಸುತ್ತದೆ.

ಮೈಲೂರು ರಿಪೇರಿ

ಇಲ್ಲರೀ ಮೇಡಂ. ಸಿಮ್ ಬದಲ ಮಾಡಿದ್ರ ಟವರ್ ಹತ್ರ ಬರಂಗಿಲ್ಲ. ಕಾರ್ಡ್ ಆಗ್ಲಿ ಇ-ಸಿಮ್ ಆಗ್ಲಿ, ಸಿಗ್ನಲ್ ಹಿಡಿಯೋದು ಫೋನಿನ ಆಂಟೆನಾ. ಈ ತಮ್ಮನ ಕಾರ್ಡ್ ಸವೆದಿತ್ತು, ಅದಕ್ಕ ಇ-ಸಿಮ್‌ದಿಂದ ಫರಕ್ ಬಿತ್ತು. ಅದಲ್ಲದ, ನಿಮ್ಮ ತಾಯಿಯವರ ಬಟನ್ ಫೋನಿನಾಗ ಆ ಚಿಪ್ಪೇ ಇರಂಗಿಲ್ಲ. *#06# ಒತ್ತಿ ನೋಡ್ರಿ, EID ಅಂತ ಬರ್ಲಿಲ್ಲಂದ್ರ ಮಾತು ಮುಗೀತು. ಕಾರ್ಡೇ ಇರ್ಲಿ.

ರೋಜಾ ನಿವಾಸಿ (ಕಲಬುರಗಿ)

ನಮ್ಮನ್ಯಾಗೂ ಇಂಥಾದ್ದೇ ಆಗ್ಯದ. ಚಾಚಾ, ಚಾಚಿ ಉಮ್ರಾಕ್ಕ ಹೋದಾಗ ಇಂಟರ್‌ನೆಟ್ ಸಲುವಾಗಿ ಹದಿನೈದು ದಿನದ ಟ್ರಾವೆಲ್ ಇ-ಸಿಮ್ ತಗೊಂಡು ಕೊಟ್ಟಿದ್ದೆ. ಜೆದ್ದಾ ಮುಟ್ಟಿದ ಮ್ಯಾಲ ನೆಟ್ ಬರವಲ್ದು ಅಂತ ಚಾಚಾ ಅದನ್ನ ಡಿಲೀಟ್ ಮಾಡಿ ತಿರಗಿ ಸ್ಕ್ಯಾನ್ ಮಾಡ್ಲಾಕ ಹೋದ್ರು. ಹೋಗೇ ಬಿಡ್ತು. ಖರೇ ನೋಡಿದ್ರ ಡೇಟಾ ರೋಮಿಂಗ್ ಆನ್ ಮಾಡಿರಲಿಲ್ಲ, ಅಷ್ಟೇ. ಮಾರಿದವರು ದುಡ್ಡು ವಾಪಸ್ ಕೊಡ್ಲಿಲ್ಲ. ಅಲ್ಲೇ ಹೊಸ ಕಾರ್ಡ್ ತಗೊಂಡ್ರು.

ಬಸವಕಲ್ಯಾಣದವ

ಇದು ಎಲ್ಲರೂ ನೆನಪಿಡಬೇಕಾದ ಮಾತು. ಕಾರ್ಡಿನ ಕಾಲದಲ್ಲಿ ನೆಟ್ ಬರದಿದ್ದರೆ ತೆಗೆದು, ಒರೆಸಿ, ಮತ್ತೆ ಹಾಕ್ತಿದ್ವಿ. ಇ-ಸಿಮ್ಮಿನಲ್ಲಿ ಅದಕ್ಕೆ ಸಮಾನವಾದದ್ದು ಆಫ್ ಮಾಡಿ ಆನ್ ಮಾಡೋದು. ಡಿಲೀಟ್ ಅಂದರೆ ಕಾರ್ಡ್ ಕತ್ತರಿಸಿದ ಹಾಗೆ. ಅದೇ ಫೋನಿಗೆ ಅದೇ ಕೋಡಿನಿಂದ ಮತ್ತೆ ಇಳಿಸಲು ಕೆಲವು ಕಂಪನಿ ಬಿಡುತ್ತವೆ, ಕೆಲವು ಬಿಡಲ್ಲ. ಅದು ಅವರ ಇಷ್ಟ, ನಂಬಿಕೊಂಡು ಕೂರಬೇಡಿ.

ಗಂಜ್ ರಸ್ತೆ ತಮ್ಮಾ, ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ, ನಾಳೆ ಗಾಬರಿ ಆಗಬಾರದು. ಹೊಸ ಸಿಮ್ ಕೊಟ್ಟ ಮೇಲೆ 24 ಗಂಟೆ ಆ ನಂಬರಿಗೆ ಎಸ್ಸೆಮ್ಮೆಸ್ ಬರೋದೂ ಇಲ್ಲ, ಹೋಗೋದೂ ಇಲ್ಲ. ದೂರಸಂಪರ್ಕ ಇಲಾಖೆಯ ನಿಯಮ. ಕಳ್ಳರು ನಿಮ್ಮ ಹೆಸರಲ್ಲಿ ಸಿಮ್ ಬದಲಿಸಿಕೊಂಡು ಒಟಿಪಿ ಹಿಡಿಯಬಾರದು ಅಂತ. ಮಾತಾಡಬಹುದು, ಇಂಟರ್‌ನೆಟ್ ನಡೆಯುತ್ತೆ. ಬ್ಯಾಂಕ್ ಒಟಿಪಿ ಮಾತ್ರ ಬರಲ್ಲ. ಹೊಸ ಫೋನಿನಲ್ಲಿ ಯುಪಿಐ ಕೂಡ ಆಗಲ್ಲ, ಯಾಕಂದ್ರೆ ಆ ಆ್ಯಪ್ ನಿಮ್ಮ ಸಿಮ್ಮಿನಿಂದ ಒಂದು ಮೆಸೇಜ್ ಕಳಿಸಿಯೇ ಫೋನ್ ಗುರುತಿಸೋದು. ಅದಕ್ಕೆ ನಾಳೆಯ ಪಾವತಿಗಳನ್ನು ಚೆಕ್ಕಿನಲ್ಲೋ ಬ್ಯಾಂಕಿಗೆ ಹೋಗಿಯೋ ಮಾಡೋದಕ್ಕೆ ಅಪ್ಪಾಜಿಗೆ ಇವತ್ತೇ ಹೇಳಿ.

ಗಂಜ್ ರಸ್ತೆ ಹುಡುಗ

ಅಯ್ಯೋ. ಒಳ್ಳೇದಾಯ್ತು ಸರ್ ಹೇಳಿದ್ದು. ನಾಳೆ ಇಬ್ಬರು ರೈತರಿಗೆ ಕೊಡೋದದ. ಅಪ್ಪಾಜಿ ಬ್ಯಾಂಕಿಗೇ ಹೋಗಿ ಹಾಕ್ತೀನಿ ಅಂದ್ರು. ಸಿಟ್ಟಿನಾಗ ಬ್ಯಾರೆ ಕಂಪನಿಗೇ ಪೋರ್ಟ್ ಮಾಡಿಬಿಡು ಅಂತೂ ಅಂದ್ರು.

ಬಸವಕಲ್ಯಾಣದವ

ಅದೂ ಈಗ ಆಗಲ್ಲ. 2024ರ ಜುಲೈ 1ರಿಂದ ಟ್ರಾಯ್ ನಿಯಮ ಬಂದಿದೆ: ಸಿಮ್ ಬದಲಾದ 7 ದಿನ ಪೋರ್ಟ್ ಕೋಡ್ ಕೊಡೋದಿಲ್ಲ.

ಮೈಲೂರು ರಿಪೇರಿ

ತಮ್ಮಾ, ನಾಳೆ ಅಂಗಡಿಗಿ ಹೋದಾಗ ಸೀದಾ ಪ್ಲಾಸ್ಟಿಕ್ ಕಾರ್ಡೇ ಕೇಳು. ಹೊಸ ಫೋನಿಗೆ ಕಾರ್ಡ್ ಹಾಕೋ ಜಾಗ ಅದಲ್ಲ? ಬ್ಯಾಂಕಿನ ನಂಬರ್ ಯಾವತ್ತೂ ಕಾರ್ಡಿನಾಗೇ ಇರಬೇಕು ಅನ್ನಂವ ನಾನು. ಕಾರಣ ಹೇಳ್ತೀನಿ. ಹೋದ ತಿಂಗಳು ಒಬ್ಬ ಹುಡುಗಿ ಬಂದಿದ್ಲು, ಫೋನ್ ನೀರಿನಾಗ ಬಿದ್ದಿತ್ತು. ಪರೀಕ್ಷಾ ಫಾರ್ಮ್ ತುಂಬಲಾಕ ಒಟಿಪಿ ಬೇಕಾಗಿತ್ತು, ಮರುದಿನ ಕಡೀ ತಾರೀಖು. ಕಾರ್ಡ್ ಇದ್ದಿದ್ರ ತೆಗೆದು ಒರೆಸಿ ನನ್ನ ಫೋನಿಗೇ ಹಾಕಿ ಎರಡು ನಿಮಿಷದಾಗ ಒಟಿಪಿ ತೆಗೆದು ಕೊಡ್ತಿದ್ದೆ. ಇ-ಸಿಮ್ ಇತ್ತು. ಸ್ಕ್ರೀನ್ ಸತ್ತಿತ್ತು, ಬೋರ್ಡ್ ಜೀವ ಇತ್ತು. ರಾತ್ರಿ ಹತ್ತರತನ ಕೂತು ಬ್ಯಾರೆ ಡಿಸ್‌ಪ್ಲೇ ಹಚ್ಚಿ ನೋಡಿದ್ವಿ, ಚಾಲೂ ಆಯ್ತು, ಫಾರ್ಮ್ ತುಂಬಿದ್ಲು. ಬೋರ್ಡೇ ಹೋಗಿದ್ರ ನನ್ನ ಕೈಲಿಂದ ಏನೂ ಆಗ್ತಿರಲಿಲ್ಲ.

ಇನ್ನೊಂದು ಹೇಳ್ತೀನಿ. ಬೋರ್ಡ್ ಬದಲ ಮಾಡಿದ್ರ ಫೋನ್ ಅದೇ ಕಾಣ್ತದ, ಖರೇ EID ಬ್ಯಾರೆ ಆಗ್ತದ. ಸಿಮ್ ಹಳೇ ಬೋರ್ಡಿನ ಸಂಗಟೇ ಹೋಗಿರ್ತದ. ಗಿರಾಕಿ ಬಂದು ನೀನೇ ನನ್ನ ಸಿಮ್ ಅಳಿಸೀದಿ ಅಂತ ಜಗಳಕ್ಕ ನಿಂದ್ರತಾರ. ಈಗ ಬೋರ್ಡ್ ಕೆಲಸಕ್ಕ ಕೈ ಹಾಕೋ ಮೊದಲು ಇ-ಸಿಮ್ ಅದೇನು ಅಂತ ಕೇಳೇ ಕೇಳ್ತೀನಿ.

ಬಸವಕಲ್ಯಾಣದವ

ಕೆಟ್ಟು ಹೋದ ಫೋನಿನ ವಿಷಯದಲ್ಲಿ ನೀವು ಹೇಳೋದು ಪೂರ್ತಿ ನಿಜ ಅಣ್ಣಾ. ಕಳುವಿನ ವಿಷಯದಲ್ಲಿ ಲೆಕ್ಕ ತಿರುಗಾಮುರುಗಾ ಆಗುತ್ತೆ. ಕಾರ್ಡಾದರೆ ಕಳ್ಳ ಮೊದಲು ಅದನ್ನು ಎಳೆದು ಬಿಸಾಕ್ತಾನೆ, ಇಲ್ಲಾ ಬೇರೆ ಫೋನಿಗೆ ಹಾಕಿ ಒಟಿಪಿ ತೆಗೀತಾನೆ. ಸಿಮ್ ಪಿನ್ ಹಾಕಿಡುವವರು ಎಷ್ಟು ಜನ? ಇ-ಸಿಮ್ ಎಳೆಯೋಕೆ ಬರಲ್ಲ. ಫೋನ್ ಲಾಕ್ ಗಟ್ಟಿ ಇದ್ದರೆ ನಂಬರ್ ಒಳಗೇ ಇರುತ್ತೆ, ಫೋನ್ ಎಲ್ಲಿದೆ ಅಂತ ಹುಡುಕೋಕೂ ಅವಕಾಶ ಉಳಿಯುತ್ತೆ. ಅಪ್ಪಾಜಿ ದಿನವಿಡೀ ಗಂಜಿನ ಗದ್ದಲದಲ್ಲಿ ಇರೋರು. ನಾನಾದರೆ ಇ-ಸಿಮ್ಮೇ ಇಡ್ತೀನಿ.

ಮೈಲೂರು ರಿಪೇರಿ

ನಾನು ಒಪ್ಪಂಗಿಲ್ಲ ಸರ್. ಕಳುವಾಗೋ ಫೋನ್‌ಕಿಂತ ಕೆಡೋ ಫೋನ್ ಹೆಚ್ಚು ಬರ್ತಾವ ನನ್ನ ಹತ್ರ.

ಶಹಾಪುರ ಟೀಚರ್

ನಡುವೆ ಬಾಯಿ ಹಾಕುತ್ತೇನೆ. ಮೊನ್ನೆ ನನ್ನ ಸಹೋದ್ಯೋಗಿಯೊಬ್ಬರಿಗೆ ಕರೆ ಬಂತು: ನಿಮ್ಮ ಸಿಮ್ ಅಪ್‌ಗ್ರೇಡ್ ಮಾಡುತ್ತೇವೆ, ನಾವು ಹೇಳುವ 32 ಅಂಕಿ ಬರೆದು ಮೆಸೇಜ್ ಕಳಿಸಿ, ಬಂದ ಒಟಿಪಿ ಹೇಳಿ ಎಂದು. ಅದೂ ಇದೇ EID ಇರಬಹುದೇ?

ಬಸವಕಲ್ಯಾಣದವ

ಅದೇ ಮೇಡಂ. ಅದು ಕಳ್ಳನ ಫೋನಿನ EID. ಮೆಸೇಜ್ ಕಳಿಸಿ ಒಟಿಪಿ ಹೇಳಿದರೆ ನಿಮ್ಮ ನಂಬರಿನ ಪ್ರೊಫೈಲ್ ಅವನ ಫೋನಿಗೆ ಇಳಿಯುತ್ತೆ, ನಿಮ್ಮ ಕಾರ್ಡಿನ ನೆಟ್‌ವರ್ಕ್ ಹೋಗುತ್ತೆ. ಕಾರಣವಿಲ್ಲದೆ ಇದ್ದಕ್ಕಿದ್ದಂತೆ "No Service" ಬಂದರೆ ತಕ್ಷಣ ಬೇರೆ ಫೋನಿನಿಂದ ಕಂಪನಿಗೂ ಬ್ಯಾಂಕಿಗೂ ತಿಳಿಸಬೇಕು. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ನಿಮ್ಮ ಸಹೋದ್ಯೋಗಿ ಕಳಿಸಿಲ್ಲ ತಾನೇ?

ಶಹಾಪುರ ಟೀಚರ್

ಇಲ್ಲ, ಅಂಕಿ ಬರೆದುಕೊಳ್ಳಲು ಪೆನ್ನು ಹುಡುಕುವಷ್ಟರಲ್ಲಿ ಅವರ ಮಗ ಬಂದು ಫೋನ್ ಕಟ್ ಮಾಡಿದನಂತೆ.

ಗಂಜ್ ರಸ್ತೆ ಹುಡುಗ (ಮರುದಿನ ಸಂಜೆ)

ಆಯ್ತು. ಹೆಂಗಾಯ್ತು ಅಂತ ಪೂರಾ ಬರೀತೀನಿ, ಯಾರಿಗಾದ್ರೂ ಉಪಯೋಗ ಬರ್ತದ.

ದೊಡ್ಡಪ್ಪಾರು ಹತ್ತೂವರೆಗೆ ಬಸ್ ಸ್ಟ್ಯಾಂಡಿಗಿ ಇಳಿದ್ರು. ಅಂಗಡಿದಾಗ ಆಧಾರ್ ನೋಡಿದ್ರು, ಬೆರಳು ಹಚ್ಚಿಸಿಕೊಂಡ್ರು. ವಯಸ್ಸಾಗಿ ಬೆರಳ ಗೆರಿ ಸವೆದಾವ, ಮೂರು ಸಲ ಬರಲಿಲ್ಲ, ಕೈ ಒರೆಸಿ ಬ್ಯಾರೆ ಬೆರಳು ಹಚ್ಚಿದ ಮ್ಯಾಲ ಬಂತು. ದಾಖಲೆದಾಗ ಇದ್ದ ಇಮೇಲ್ ಅಪ್ಪಾಜಿದೇ, ನಾನು ಹೋದ ವರ್ಷ ಕೊಟ್ಟಿದ್ದು. EID ಫೋಟೊ ತೋರಿಸಿದೆ. ಕಾರ್ಡ್ ಕೊಡ್ಲೊ ಇ-ಸಿಮ್ ಕೊಡ್ಲೊ ಅಂದ್ರು. ಮೈಲೂರು ಅಣ್ಣಾರು ಹೇಳಿದ್ದೂ ಸರ್ ಹೇಳಿದ್ದೂ ಅಪ್ಪಾಜಿ ಮುಂದ ಇಟ್ಟೆ. ಅವರು ಇ-ಸಿಮ್ ಅಂದ್ರು, ಎರಡು ಸಲ ಗಂಜಿನಾಗ ಕಿಸೆಯಿಂದ ಫೋನ್ ಕಳಕೊಂಡವರು ಅವರು.

ಹೊಸ ಫೋನಿನಾಗ ನೆಟ್ ಇರಲಿಲ್ಲ, ನನ್ನ ಫೋನಿನ ಹಾಟ್‌ಸ್ಪಾಟ್ ಕೊಟ್ಟೆ. ಕ್ಯೂಆರ್ ನನ್ನ ಫೋನಿನಾಗ ತೆರೆದು ಅಪ್ಪಾಜಿ ಫೋನ್‌ದಿಂದ ಸ್ಕ್ಯಾನ್ ಮಾಡಿದೆ. ಅರ್ಧ ನಿಮಿಷದಾಗ ಇಳೀತು, ಆದರ "No Service" ಅಂತೇ ಇತ್ತು. ನನ್ನ ಎದೆ ಧಸಕ್ ಅಂತು. ಮತ್ತ ಅಳಿಸಿ ಹಾಕ್ಲಾಕ ಬೆರಳು ಹೋಗಿತ್ತು ಖರೇ, ಚಾಚಾರ ಕತಿ ನೆನಪಾಗಿ ಬಿಟ್ಟೆ. ಅಂಗಡಿ ಹುಡುಗ, ಅವರ ಕಡೆ ಬದಲಿ ಆಗ್ಲಾಕ ಟೈಮ್ ಹಿಡೀತದ, ಎರಡು ತಾಸು ಬಿಡ್ರಿ ಅಂದ. ನಲವತ್ತು ನಿಮಿಷಕ್ಕ ಕಡ್ಡಿ ಬಂದ್ವು. ಮೊದಲನೇ ಕಾಲ್ ದೊಡ್ಡಪ್ಪಾರು ಬಾಜೂಕ್ಕ ನಿಂತೇ ಹಚ್ಚಿದ್ರು. ವಾಟ್ಸಾಪ್‌ಗೆ ಎಸ್ಸೆಮ್ಮೆಸ್ ಬದಲಿ ಕಾಲ್‌ದಿಂದ ಕೋಡ್ ತಗೊಂಡೆ, ನಡೀತು. ಯುಪಿಐ ಸರ್ ಹೇಳಿದಂಗೇ, ಆಗಲಿಲ್ಲ. ನಾಳೆ ಮಧ್ಯಾಹ್ನ ಒಂದರ ಮ್ಯಾಲ ಮಾಡ್ತೀನಿ.

ನಂಬರನ್ನ ಅಪ್ಪಾಜಿ ಹೆಸರಿಗೇ ಮಾಡಿಸಬೇಕು ಅಂತ ಅಲ್ಲೇ ಕೇಳಿ ಬಂದೀವಿ. ದೊಡ್ಡಪ್ಪಾರು ಇವತ್ತು ನಮ್ಮನ್ಯಾಗೇ ಇದ್ದಾರ.

ರೋಜಾ ನಿವಾಸಿ

ಚಾಚಾಗ ಹೇಳ್ತೀನಿ, ಅವರ ತಪ್ಪಿಂದ ಒಬ್ಬರಿಗೆ ಒಳ್ಳೇದಾಯ್ತು ಅಂತ.

ಹುಮನಾಬಾದ್ ಅಣ್ಣಾ

ನಂದೊಂದು ಉಳೀತು. ಟ್ರಾನ್ಸ್‌ಫರ್ ಆದ ಮ್ಯಾಲೂ ನನ್ನ ಹಳೇ ಫೋನಿನಾಗ ಸಿಮ್ ಹೆಸರು ಇನ್ನೂ ಕಾಣ್ತದ. ಎರಡೂ ಕಡೆ ಅದ ಅಂದಂಗಾಯ್ತಲ್ಲ?

ಬಸವಕಲ್ಯಾಣದವ

ಹೆಸರು ಎರಡು ಕಡೆ, ಜೀವ ಒಂದೇ ಕಡೆ. ಟ್ರಾನ್ಸ್‌ಫರ್ ಅಂತ ಕರೀತಾರೆ, ಆದರೆ ಹಳೇ ಫೋನಿನಿಂದ ಏನೂ ಹೊರಟು ಹೋಗಿರಲ್ಲ. ತೆರೆಮರೆಯಲ್ಲಿ ಕಂಪನಿ ಹೊಸ ಫೋನಿಗೆ ಹೊಸ ಪ್ರೊಫೈಲ್ ಕೊಟ್ಟು, ನಂಬರನ್ನು ಅದಕ್ಕೆ ಜೋಡಿಸಿರುತ್ತೆ. ಸೆಟ್ಟಿಂಗ್ಸಿನಲ್ಲಿ ICCID ಅಂತ 89ರಿಂದ ಶುರುವಾಗುವ ಉದ್ದ ಸಂಖ್ಯೆ ಇರುತ್ತೆ, ಎರಡೂ ಫೋನಿನಲ್ಲಿ ತೆಗೆದು ಕೊನೆಯ ಅಂಕಿಗಳನ್ನು ಹೋಲಿಸಿ. ಬೇರೆ ಬೇರೆ ಇದ್ದು, ಹೊಸದರಲ್ಲಿ ಕರೆ ಬರ್ತಾ ಇದ್ದರೆ, ಹಳೇದನ್ನು ಧೈರ್ಯವಾಗಿ ಅಳಿಸಿ.

ಹುಮನಾಬಾದ್ ಅಣ್ಣಾ

ನೋಡ್ದೆ, ಕಡೀ ನಾಕು ಅಂಕಿ ಬ್ಯಾರೆ ಅವ. ಆದ್ರ ನನಗ ಅವತ್ತು ಒಟಿಪಿ ಅದೇ ಸಂಜಿಗಿ ಬಂದಿತ್ತಲ್ಲ ಸರ್, 24 ಗಂಟೆ ಕಾಯಲಿಲ್ಲ.

ಮೈಲೂರು ರಿಪೇರಿ

ನನ್ನ ಗಿರಾಕಿಗಳಿಗೆ ಟ್ರಾನ್ಸ್‌ಫರ್ ಮಾಡಿದಾಗೂ ಮರುದಿನದತನ ಬಂದಿಲ್ಲ. ಎರಡೂ ಬ್ಯಾರೆ ಬ್ಯಾರೆ ಕಂಪನಿ ಇರಬೇಕು.

ಬಸವಕಲ್ಯಾಣದವ

ನಿಮಗೆ ಬಂದಿದ್ದು ಎಸ್ಸೆಮ್ಮೆಸ್ಸೇನಾ, ವಾಟ್ಸಾಪಿನಲ್ಲಿ ಬಂದ ಒಟಿಪಿಯಾ? ಈಗ ಕೆಲವರು ವಾಟ್ಸಾಪಿಗೂ ಕಳಿಸ್ತಾರೆ.

ಹುಮನಾಬಾದ್ ಅಣ್ಣಾ

ಅದು ಈಗ ನೆನಪಿಲ್ಲ. ಬರೋ ವಾರ ನಮ್ಮ ಮನೆಯವಳ ಫೋನ್ ಬದಲ ಮಾಡೋದದ. ಟೈಮ್ ಬರೆದಿಟ್ಟು ಇಲ್ಲೇ ಹಾಕ್ತೀನಿ.